ಅಟಾರ್ನ್‌ಮೆಂಟ್: ಓನರ್ ಫ್ಲ್ಯಾಟ್ ಮಾರಿದರೆ ಬಾಡಿಗೆದಾರನ ಕಥೆ ಏನು?

"ಫ್ಲ್ಯಾಟ್ ಮಾರಿಬಿಟ್ಟೆ, ಇನ್ನೊಂದು ವಾರದಲ್ಲಿ ಖಾಲಿ ಮಾಡಿ." ಮೈಸೂರಿನಲ್ಲಿ ಬಾಡಿಗೆಗೆ ಇರುವವರಿಗೆ ಈ ಫೋನ್ ಬಂದರೆ ಅರ್ಧ ಜನ ಸುಮ್ನೆ ಗಂಟುಮೂಟೆ ಕಟ್ಟೋಕೆ ಶುರುಮಾಡುತ್ತಾರೆ. ಕಟ್ಟಬೇಕಾಗಿಲ್ಲ. ಬಾಡಿಗೆ ಒಪ್ಪಂದ ಯಾವ ಯಾವ ಕಾರಣಕ್ಕೆ ಮುಗಿಯುತ್ತದೆ ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 111ನೇ ಸೆಕ್ಷನ್‌ನಲ್ಲಿ ಪಟ್ಟಿ ಇದೆ. ಓನರ್ ಮನೆ ಮಾರಿದ ಅನ್ನೋದು ಆ ಪಟ್ಟಿಯಲ್ಲಿ ಇಲ್ಲ.

ಹಳೇ ಓನರ್ ಜಾಗಕ್ಕೆ ಹೊಸಬರು ಬಂದಾಗ, ಇನ್ನು ಮೇಲೆ ನೀವೇ ನನ್ನ ಓನರ್ ಅಂತ ಬಾಡಿಗೆದಾರ ಒಪ್ಪಿಕೊಳ್ಳುವುದಕ್ಕೆ ಅಟಾರ್ನ್‌ಮೆಂಟ್ ಅನ್ನುತ್ತಾರೆ. ಆದರೆ ಅದೇ ಕಾಯ್ದೆಯ 109ನೇ ಸೆಕ್ಷನ್ ಪ್ರಕಾರ, ನೀವು ಒಪ್ಪಿ ಸಹಿ ಹಾಕದಿದ್ದರೂ ಕ್ರಯಪತ್ರ ನೋಂದಣಿ ಆದ ದಿನದಿಂದ ಹೊಸಬರೇ ನಿಮ್ಮ ಓನರ್. ಹಳೇ ಅಗ್ರಿಮೆಂಟಿನ ಬಾಡಿಗೆ, ಅವಧಿ, ನೋಟಿಸ್ ಎಲ್ಲಾ ಇದ್ದ ಹಾಗೇ ಅವರ ಕೈಗೆ ಹೋಗುತ್ತದೆ. "ಒಳಗೆ ಬಾಡಿಗೆದಾರ ಇರೋದು ನನಗೆ ಗೊತ್ತೇ ಇರಲಿಲ್ಲ" ಅನ್ನೋ ಮಾತೂ ನಡೆಯುವುದಿಲ್ಲ, ಯಾಕೆಂದರೆ ಮನೆಯಲ್ಲಿ ಒಬ್ಬರು ವಾಸ ಇದ್ದಾರೆ ಅಂದರೆ ಕೊಳ್ಳುವವನಿಗೆ ಅದು ಗೊತ್ತಿದ್ದ ಲೆಕ್ಕವೇ.

ಒಂದು ಲೆಕ್ಕ ನೋಡೋಣ. ಕುವೆಂಪುನಗರದಲ್ಲಿ ಒಂದು ಫ್ಲ್ಯಾಟ್, ಬಾಡಿಗೆ 15,000, ಅಡ್ವಾನ್ಸ್ ಒಂದೂವರೆ ಲಕ್ಷ. ಹನ್ನೊಂದು ತಿಂಗಳ ಅಗ್ರಿಮೆಂಟ್ ಜೂನ್ 1ರಿಂದ ಶುರು. ಆಯಾ ತಿಂಗಳ ಬಾಡಿಗೆಯನ್ನು ಮುಂದಿನ ತಿಂಗಳ 5ಕ್ಕೆ ಕೊಡಬೇಕು. ಅಕ್ಟೋಬರ್ 18ಕ್ಕೆ ಫ್ಲ್ಯಾಟ್ ಹೊಸಬರ ಹೆಸರಿಗೆ ರಿಜಿಸ್ಟರ್ ಆಯಿತು, ಬಾಡಿಗೆದಾರನಿಗೆ ಯಾರೂ ಹೇಳಲಿಲ್ಲ. ಅವನು ಸೆಪ್ಟೆಂಬರ್ ಬಾಡಿಗೆ ಬಾಕಿ ಇಟ್ಟುಕೊಂಡಿದ್ದ, ಅಕ್ಟೋಬರ್‌ದನ್ನು ಮಾತ್ರ ನವೆಂಬರ್ 5ಕ್ಕೆ ಹಳೇ ಓನರ್ ಖಾತೆಗೆ ಹಾಕಿದ. ನವೆಂಬರ್ 20ಕ್ಕೆ ಹೊಸ ಓನರ್ ಪತ್ರ ಬಂತು: ಎರಡೂ ತಿಂಗಳ ಬಾಡಿಗೆ ನನಗೆ ಕೊಡಿ.

ಸೆಪ್ಟೆಂಬರ್ ಬಾಕಿ ಮಾರಾಟಕ್ಕೆ ಮುಂಚಿನದು. ಅದು ಹಳೇ ಓನರ್‌ಗೇ ಸೇರಬೇಕು, ಆ ಬಾಕಿಯ ಹಕ್ಕನ್ನೂ ಅವರು ಹೊಸಬರಿಗೆ ಬರೆದುಕೊಟ್ಟಿದ್ದರೆ ಮಾತ್ರ ಬೇರೆ ಮಾತು. ಅಕ್ಟೋಬರ್‌ದು ಮಾರಾಟದ ಸುದ್ದಿ ಗೊತ್ತಿಲ್ಲದೆ ಕೊಟ್ಟಿದ್ದು, ಹಾಗಾಗಿ ಮತ್ತೊಮ್ಮೆ ಕೊಡಬೇಕಾಗಿಲ್ಲ. ಹೊಸಬರು ಅದನ್ನು ಹಳೇ ಓನರ್ ಹತ್ತಿರ ಇಸಿದುಕೊಳ್ಳಲಿ. ನವೆಂಬರ್‌ದು ಮಾತ್ರ ಡಿಸೆಂಬರ್ 5ಕ್ಕೆ ಹೊಸಬರಿಗೇ ಕೊಡಬೇಕು. ಪತ್ರ ಕೈಗೆ ಬಂದ ಮೇಲೂ ಹಳೇ ಖಾತೆಗೇ ಹಾಕಿದರೆ ಆ ರಕ್ಷಣೆ ಇರುವುದಿಲ್ಲ. ಅದಕ್ಕೇ ಬಾಡಿಗೆಯನ್ನು ಕ್ಯಾಶ್‌ನಲ್ಲಿ ಕೊಡಬಾರದು, ಯಾವತ್ತು ಯಾರಿಗೆ ಹೋಯಿತು ಅನ್ನೋದಕ್ಕೆ ಬ್ಯಾಂಕಿನ ದಾಖಲೆ ಇರಬೇಕು.

ಹಾಗಂತ ಯಾರೋ ಬಂದು ನಾನೇ ಓನರ್ ಅಂದ ತಕ್ಷಣ ದುಡ್ಡು ಕೊಡಬೇಡಿ. ಬರೀ ಮಾರಾಟದ ಅಗ್ರಿಮೆಂಟ್ ಮಾಡಿಕೊಂಡು ಒಂದಿಷ್ಟು ಮುಂಗಡ ಕೊಟ್ಟವರು ಇನ್ನೂ ಓನರ್ ಅಲ್ಲ. ನೋಂದಣಿ ಆದ ಕ್ರಯಪತ್ರದ ನಕಲು ಕೇಳಿ, ಇಲ್ಲವೇ ಹಳೇ ಓನರ್ ಕೈಯಿಂದ ಒಂದು ಪತ್ರ ತರಿಸಿ. ಅನುಮಾನ ಇದ್ದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಆ ಫ್ಲ್ಯಾಟಿನ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಸಿದರೆ ಮಾರಾಟ ಆಗಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಈ ಹಕ್ಕಿಗೂ ಮಿತಿ ಇದೆ. ಅಗ್ರಿಮೆಂಟಿನಲ್ಲಿ ಎರಡು ತಿಂಗಳ ನೋಟಿಸ್ ಕೊಟ್ಟು ಖಾಲಿ ಮಾಡಿಸಬಹುದು ಅಂತಿದ್ದರೆ ಹೊಸ ಓನರ್ ಕೂಡ ಹಾಗೇ ಮಾಡಿಸಬಹುದು. ಹನ್ನೊಂದು ತಿಂಗಳು ಮುಗಿದ ಮೇಲೆ ಮುಂದುವರಿಸಲೇಬೇಕು ಅನ್ನೋ ಕಟ್ಟುಪಾಡೂ ಅವರಿಗಿಲ್ಲ. ಇನ್ನೊಂದು, ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಅಗ್ರಿಮೆಂಟ್ ರಿಜಿಸ್ಟರ್ ಆಗಿರಬೇಕು. ಬರೀ ಸ್ಟಾಂಪ್ ಪೇಪರಿನಲ್ಲಿ ಮೂರು ವರ್ಷ ಅಂತ ಬರೆಸಿಕೊಂಡಿದ್ದರೆ, ಆ ಮೂರು ವರ್ಷವನ್ನು ಹೊಸಬರ ಮುಂದೆ ಹಿಡಿದು ನಿಲ್ಲುವುದು ಕಷ್ಟ. ಆದರೆ ಯಾವ ಸಂದರ್ಭದಲ್ಲೂ ಬೀಗ ಬದಲಿಸಿ ಹೊರಗೆ ಹಾಕುವ ಹಾಗಿಲ್ಲ. ಹಾಗೇನಾದರೂ ಆದರೆ ಆರು ತಿಂಗಳೊಳಗೆ ಸಿವಿಲ್ ಕೋರ್ಟಿಗೆ ಹೋಗಿ ಸ್ವಾಧೀನ ವಾಪಸ್ ಕೇಳಬಹುದು.

ನಿಜವಾದ ತಲೆನೋವು ಅಡ್ವಾನ್ಸ್‌ದು. 109ನೇ ಸೆಕ್ಷನ್‌ನಲ್ಲಿ ಅಡ್ವಾನ್ಸ್ ಬಗ್ಗೆ ಒಂದು ಮಾತೂ ಇಲ್ಲ. ಹಳಬರು "ಹೊಸಬರನ್ನ ಕೇಳಿ" ಅಂತಾರೆ, ಹೊಸಬರು "ನನಗೆ ಕೊಟ್ಟಿಲ್ವಲ್ಲ" ಅಂತಾರೆ. ಅದಕ್ಕೇ ಮಾರಾಟದ ಸುದ್ದಿ ಕಿವಿಗೆ ಬಿದ್ದ ಕೂಡಲೇ ಮೂರೂ ಜನರ ಸಹಿ ಇರುವ ಒಂದು ಪುಟದ ಪತ್ರ ಮಾಡಿಸಿಕೊಳ್ಳಿ. ಅದರಲ್ಲಿ ಕ್ರಯಪತ್ರದ ತಾರೀಕು, ಒಂದೂವರೆ ಲಕ್ಷ ಹೊಸ ಓನರ್‌ಗೆ ತಲುಪಿದೆ ಅನ್ನೋದು, ಖಾಲಿ ಮಾಡುವ ದಿನ ಅದನ್ನು ಅವರೇ ಹಿಂತಿರುಗಿಸುತ್ತಾರೆ ಅನ್ನೋದು, ಬಾಡಿಗೆ ಹಾಕಬೇಕಾದ ಖಾತೆ ನಂಬರ್ ಇಷ್ಟು ಇದ್ದರೆ ಸಾಕು. ಸಹಿ ಹಾಕೋಕೆ ಯಾರಾದರೂ ಹಿಂದೇಟು ಹಾಕಿದರೆ ಅಡ್ವಾನ್ಸ್ ಕೊಟ್ಟ ಬ್ಯಾಂಕ್ ದಾಖಲೆ ಜೊತೆಗಿಟ್ಟು ಇದೇ ವಿಷಯವನ್ನು ಇಬ್ಬರಿಗೂ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಎತ್ತಿಟ್ಟುಕೊಳ್ಳಿ.