ಮಾರ್ಚ್‌ನಲ್ಲಿ ಶೇ 150 ಹೆಚ್ಚು, ಜುಲೈನಲ್ಲಿ ಶೇ 20 ಕಡಿಮೆ: ಒಟ್ಟಿನಲ್ಲಿ ಮಳೆ ಹೆಚ್ಚೋ ಕಡಿಮೆಯೋ?

ಪ್ರಶ್ನೆ: ನಮ್ಮ ತೋಟದ ಮಳೆ ಪುಸ್ತಕದ ಪ್ರಕಾರ ಮಾರ್ಚ್‌ನಲ್ಲಿ ವಾಡಿಕೆಗಿಂತ ಶೇ 150ರಷ್ಟು ಹೆಚ್ಚು ಮಳೆಯಾಗಿದೆ, ಜುಲೈನಲ್ಲಿ ಶೇ 20ರಷ್ಟು ಕಡಿಮೆ. ಮಾರ್ಚ್‌ನ ಹೆಚ್ಚಳ ಜುಲೈ ಕೊರತೆಯನ್ನು ತುಂಬಿದಂತಾಯಿತಲ್ಲವೇ? — ಕಾಫಿ ಬೆಳೆಗಾರರೊಬ್ಬರು, ಸೋಮವಾರಪೇಟೆ

ಉತ್ತರ: ಇಲ್ಲ, ತುಂಬಿಲ್ಲ. ಶೇಕಡಾವಾರು ಅಂಕಿಗಳನ್ನು ಪಕ್ಕಕ್ಕಿಟ್ಟು ಇಂಚಿನಲ್ಲಿ ನೋಡಿ. ಲೆಕ್ಕ ಸುಲಭವಾಗಲೆಂದು ನಿಮ್ಮ ಪುಸ್ತಕದಲ್ಲಿ ಮಾರ್ಚ್‌ನ ಸರಾಸರಿ 1 ಇಂಚು 20 ಸೆಂಟ್, ಜುಲೈನದು 32 ಇಂಚು ಎಂದಿಟ್ಟುಕೊಳ್ಳೋಣ. ಶೇ 150 ಹೆಚ್ಚು ಎಂದರೆ ಮಾರ್ಚ್‌ನಲ್ಲಿ 3 ಇಂಚು ಬಿದ್ದಿದೆ; ಹೆಚ್ಚಾಗಿ ಬಂದದ್ದು 1 ಇಂಚು 80 ಸೆಂಟ್ ಮಾತ್ರ. ಶೇ 20 ಕಡಿಮೆ ಎಂದರೆ ಜುಲೈನಲ್ಲಿ 25 ಇಂಚು 60 ಸೆಂಟ್ ಬಿದ್ದಿದೆ. ಖೋತಾ ಆದದ್ದು 6 ಇಂಚು 40 ಸೆಂಟ್. ಎರಡೂ ಸೇರಿದರೆ 4 ಇಂಚು 60 ಸೆಂಟ್, ಅಂದರೆ ಸುಮಾರು 117 ಮಿಲಿಮೀಟರ್ ಕೊರತೆ.

ಶೇಕಡಾವಾರುಗಳನ್ನೇ ಕೂಡಿಸಿ ಎರಡರಿಂದ ಭಾಗಿಸಿದ್ದರೆ ಶೇ 65 ಹೆಚ್ಚುವರಿ ಎಂಬ ಉತ್ತರ ಸಿಗುತ್ತಿತ್ತು. ವಾಸ್ತವದಲ್ಲಿ ಎರಡು ತಿಂಗಳ ಒಟ್ಟು ವಾಡಿಕೆ 33 ಇಂಚು 20 ಸೆಂಟ್, ಬಿದ್ದದ್ದು 28 ಇಂಚು 60 ಸೆಂಟ್, ಕೊರತೆ ಶೇ 14. ಮೊದಲು ಮಳೆಯನ್ನು ಕೂಡಿಸಿ, ಕೊನೆಯಲ್ಲಿ ಒಂದೇ ಸಲ ಶೇಕಡಾವಾರು ತೆಗೆಯಿರಿ. ವರ್ಷದ ಲೆಕ್ಕಕ್ಕೂ ಇದೇ ಕ್ರಮ.

ಹವಾಮಾನ ಇಲಾಖೆ ಸರಾಸರಿಯಿಂದ ಶೇ 19ರಷ್ಟು ಅತ್ತಿತ್ತ ಇರುವುದನ್ನೆಲ್ಲ 'ವಾಡಿಕೆ' ಎಂದೇ ಕರೆಯುತ್ತದೆ. ನಮ್ಮ ಜುಲೈಯಂಥ ತಿಂಗಳಿಗೆ ಇದು ಬಹಳ ಅಗಲದ ಪಟ್ಟಿ: 32 ಇಂಚಿನಲ್ಲಿ 6 ಇಂಚು ಕಡಿಮೆಯಾದರೂ ಹೆಸರು ವಾಡಿಕೆಯೇ. ಮಾರ್ಚ್‌ನಲ್ಲಿ ಕಾಲು ಇಂಚು ತಪ್ಪಿದರೆ ಸಾಕು, ತಿಂಗಳು 'ಕೊರತೆ'ಯ ಸಾಲಿಗೆ ಸೇರುತ್ತದೆ. ಹಾಗೆಂದು ಮಾರ್ಚ್ ಮಳೆ ಹಗುರವಲ್ಲ. ಹೂಮಳೆಗೆ ತಿಂಗಳ ಮೊತ್ತಕ್ಕಿಂತ ದಿನವೇ ಮುಖ್ಯ. ಆ 3 ಇಂಚು ಒಂದೇ ಸಲಕ್ಕೆ ಮೊಗ್ಗು ಬಿರಿಸುವಷ್ಟು ಸುರಿಯಿತೇ, ಇಲ್ಲವೇ ಅರಳಿದ ಹೂವಿನ ಮೇಲೆ ಬಿದ್ದು ಪರಾಗವನ್ನು ತೊಳೆದುಹಾಕಿತೇ ಎಂಬುದನ್ನು ಮಾಸಿಕ ಸಾರಾಂಶ ಹೇಳಲಾರದು. ಅದಕ್ಕೆ ದಿನದ ಪುಟವನ್ನೇ ತೆರೆಯಬೇಕು.

ಈಗ ಜುಲೈ ಪುಟವನ್ನೂ ತೆರೆಯಿರಿ. ಕೊರತೆಯನ್ನು ನಂಬುವ ಮೊದಲು ಖಾಲಿ ಮನೆಗಳನ್ನು ಎಣಿಸುವುದು ನನ್ನ ಅಭ್ಯಾಸ. ಮಳೆ ಬಾರದ ದಿನ '0' ಬರೆಯಬೇಕು, ಅಳೆಯದ ದಿನ ಗೆರೆ ಎಳೆಯಬೇಕು. ಹಳೆಯ ಪುಸ್ತಕಗಳಲ್ಲಿ ಎರಡಕ್ಕೂ ಜಾಗ ಖಾಲಿ ಬಿಟ್ಟಿರುತ್ತಾರೆ, ಕಂಪ್ಯೂಟರಿಗೆ ಏರಿಸುವಾಗ ಎರಡೂ ಸೊನ್ನೆಯಾಗಿಬಿಡುತ್ತವೆ. ಜುಲೈನ ಸರಾಸರಿ ದಿನಕ್ಕೆ ಸುಮಾರು ಒಂದು ಇಂಚು. ಆರು ದಿನದ ಅಳತೆ ಹೀಗೆ ಕಳೆದುಹೋಗಿದ್ದರೆ ನಿಮ್ಮ 6 ಇಂಚಿನ ಕೊರತೆ ಆಕಾಶದ್ದಲ್ಲ, ಪುಸ್ತಕದ್ದು! ಖಾಲಿ ದಿನದ ಮರುದಿನ ದೊಡ್ಡ ಅಂಕಿ ಇದ್ದರೆ ಎರಡು ದಿನದ ನೀರನ್ನು ಒಟ್ಟಿಗೆ ಅಳೆದಿರಬಹುದು. ಆಗ ತಿಂಗಳ ಮೊತ್ತ ಸರಿಯೇ, 'ಒಂದೇ ದಿನದ ಅತಿ ಹೆಚ್ಚು ಮಳೆ' ಎಂಬ ದಾಖಲೆ ಮಾತ್ರ ಸುಳ್ಳು. ಮರುದಿನದ ಅಂಕಿಯೂ ಎಂದಿನಂತಿದ್ದು, ಪಕ್ಕದ ತೋಟದ ಪುಸ್ತಕದಲ್ಲಿ ಅಂದು ಜಡಿಮಳೆ ಇದ್ದರೆ ಆ ದಿನದ ಅಳತೆ ತಪ್ಪಿಹೋಗಿದೆ ಎಂದೇ ಅರ್ಥ. ಅಂಥ ತಿಂಗಳನ್ನು ವಾಡಿಕೆಯೊಂದಿಗೆ ಹೋಲಿಸಬೇಡಿ.

ಹೋಲಿಸುವಾಗಲೂ ನಿಮ್ಮ ಮಾಪಕದ ಮಳೆಗೆ ನಿಮ್ಮದೇ ಪುಸ್ತಕದ ಸರಾಸರಿ ಇರಲಿ, ಸಾಧ್ಯವಾದರೆ 30 ವರ್ಷದ್ದು. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಅಜಗಜಾಂತರವಿರುವ ಜಿಲ್ಲೆ ನಮ್ಮದು. ಜಿಲ್ಲಾ ಸರಾಸರಿ ಯಾವ ತೋಟದ ಮೇಲೂ ಬೀಳುವ ಮಳೆಯಲ್ಲ. ಇಲಾಖೆಯ ಈಗಿನ ವಾಡಿಕೆ 1971ರಿಂದ 2020ರವರೆಗಿನ ಸರಾಸರಿ, ಅದರ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ಜುಲೈ 31ರ ರಾತ್ರಿ ಸುರಿದದ್ದು ಅಲ್ಲಿ ಆಗಸ್ಟ್ ಖಾತೆಗೆ ಹೋಗುತ್ತದೆ. ನೀವು ಅದನ್ನು ಜುಲೈಗೆ ಬರೆದಿದ್ದರೆ ಎರಡೂ ತಿಂಗಳು ಇಲಾಖೆಯ ಅಂಕಿಗೆ ತಾಳೆಯಾಗುವುದಿಲ್ಲ.

ಉಷ್ಣಾಂಶದ ವ್ಯತ್ಯಾಸವನ್ನು ಡಿಗ್ರಿಯಲ್ಲೇ ಬರೆಯಿರಿ, ಶೇಕಡಾದಲ್ಲಿ ಬೇಡ. ಸೆಲ್ಸಿಯಸ್‌ನ ಸೊನ್ನೆ ನೀರು ಹೆಪ್ಪುಗಟ್ಟುವ ಗುರುತೇ ಹೊರತು 'ಶಾಖವೇ ಇಲ್ಲ' ಎಂದಲ್ಲ. ಗರಿಷ್ಠ, ಕನಿಷ್ಠ ಎರಡನ್ನೂ ಬೇರೆ ಬೇರೆ ಇಡಿ. ಮೋಡ ಕವಿದ ಜುಲೈನಲ್ಲಿ ಹಗಲು ತಂಪಾಗಿ ರಾತ್ರಿ ಬೆಚ್ಚಗಿರುವುದರಿಂದ ಸರಾಸರಿಯಲ್ಲಿ ಎರಡೂ ಒಂದನ್ನೊಂದು ಮುಚ್ಚಿಹಾಕುತ್ತವೆ. ನಿಮ್ಮ ಜುಲೈ ಕೊರತೆ ನಿಜವಾಗಿದ್ದು ಬಿಸಿಲು ಹೆಚ್ಚು ಬಿದ್ದಿದ್ದರೆ, ಗರಿಷ್ಠ ಉಷ್ಣಾಂಶವೂ ವಾಡಿಕೆಗಿಂತ ಮೇಲಿರುತ್ತದೆ. ಪುಸ್ತಕದಲ್ಲಿ ಆ ಕಾಲಂ ಇದ್ದರೆ ಖಾಲಿ ಮನೆಗಳನ್ನು ಎಣಿಸಿದ ಮೇಲೆ ಅದನ್ನೂ ಒಮ್ಮೆ ನೋಡಿ.