ಆಲೆಮನೆಯ ಗಾಣಕ್ಕೊಂದು ಬೋ-ಟೈ ಚಿತ್ರ

ಆಲೆಮನೆಯ ಗಾಣಕ್ಕೆ ಯಾರದಾದರೂ ಕೈ ಸಿಕ್ಕಿದರೆ ‘ಅವನ ಗ್ರಹಚಾರ’ ಅನ್ನುವವರು ಮಂಡ್ಯದ ಕಡೆ ಈಗಲೂ ಇದ್ದಾರೆ. ಕೈ ರೋಲರ್‌ತನಕ ಹೋಗುವ ದಾರಿಗಳು ಇರುವುದೇ ನಾಲ್ಕೈದು. ಅವನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು ತೋರಿಸುವುದೇ ಬೋ-ಟೈ ಚಿತ್ರ.

ಹಾಳೆಯ ನಡುವೆ ಒಂದು ಗಂಟು ಬರೆಯಿರಿ. ಅದರ ಎಡಕ್ಕೆ ಕಾರಣಗಳು, ಬಲಕ್ಕೆ ಪರಿಣಾಮಗಳು ಬೋ-ಟೈನ ಎರಡು ರೆಕ್ಕೆಗಳಂತೆ ಹರಡುತ್ತವೆ, ಆ ದಾರಿಗಳ ಮೇಲೆ ತಡೆಗಳು. ಹೆಚ್ಚಿನವರು ತಪ್ಪುವುದು ಗಂಟಿನಲ್ಲೇ: ಅಲ್ಲಿ ‘ಕೈ ತುಂಡಾಯಿತು’ ಎಂದು ಬರೆದುಬಿಡುತ್ತಾರೆ. ಅದು ಪರಿಣಾಮ, ಅದರ ಜಾಗ ಬಲಗಡೆ. ಗಂಟಿನಲ್ಲಿ ಇರಬೇಕಾದದ್ದು ಹಿಡಿತ ತಪ್ಪುವ ಗಳಿಗೆ: ‘ತಿರುಗುವ ರೋಲರ್‌ಗೆ ಬೆರಳು ಸಿಕ್ಕಿತು’.

ಎಡಗಡೆ ಕಾರಣಗಳು. ತುಂಡು ಕಬ್ಬನ್ನು ಕೈಯಿಂದ ಒತ್ತುವುದು ಒಂದು. ಇದಕ್ಕೆ ತಡೆ, ಕಬ್ಬನ್ನು ರೋಲರ್‌ಗೆ ಒಯ್ಯುವ ಮುಚ್ಚಿದ ದೋಣಿ. ಅದರ ಬಾಯಿಯ ಎತ್ತರ 12 ಸೆಂ.ಮೀ. ಮೀರದೆ, ಬಾಯಿಯಿಂದ ರೋಲರ್‌ಗೆ ಕನಿಷ್ಠ 85 ಸೆಂ.ಮೀ. ದೂರವಿದ್ದರೆ ಭುಜದವರೆಗೆ ತೂರಿಸಿದರೂ ಬೆರಳು ತಾಗದು. ‘ಎಚ್ಚರಿಕೆ’ ಬೋರ್ಡನ್ನು ಇದರ ಸಾಲಿಗೆ ಸೇರಿಸಬೇಡಿ. ಬೋರ್ಡು ಕೈಯನ್ನು ತಡೆಯುವುದಿಲ್ಲ.

ಎರಡನೆಯ ಕಾರಣ ಇನ್ನೂ ಘೋರ. ಕಬ್ಬು ಸಿಕ್ಕಿಕೊಂಡಿದೆ, ಅಷ್ಟರಲ್ಲಿ ಕರೆಂಟು ಹೋಯಿತು. ಗಾಣ ನಿಂತಿದೆಯಲ್ಲ ಎಂದು ಆಳು ಕೈ ಹಾಕಿ ಎಳೆಯುತ್ತಾನೆ. ಕರೆಂಟು ಬಂತು. ರಿಪೇರಿಯಲ್ಲಿದ್ದ ಯಂತ್ರ ಚಾಲೂ ಆಗುವುದು ಎಂಥ ಅನಾಹುತ ಎಂಬುದನ್ನು 1988ರಲ್ಲಿ ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲವೇದಿಕೆ ತೋರಿಸಿತು. ಸುರಕ್ಷಾ ವಾಲ್ವ್ ಬಿಚ್ಚಿಟ್ಟಿದ್ದ ಪಂಪನ್ನು ಚಾಲೂ ಮಾಡಿದ್ದರಿಂದ ಅಲ್ಲಿ ಬೆಂಕಿ ಹತ್ತಿ 167 ಮಂದಿ ಸತ್ತರು. ತೈಲ ಕಂಪನಿಗಳಲ್ಲಿ ಬೋ-ಟೈ ಬಳಕೆ ಬೆಳೆದದ್ದು ಆ ನಂತರ.

ಗಾಣದಲ್ಲಿ ಇದಕ್ಕೆ ಎರಡು ತಡೆ. ಕರೆಂಟು ಹೋದೊಡನೆ ಬಿಟ್ಟುಕೊಂಡು, ಬಟನ್ ಒತ್ತುವತನಕ ಮೋಟಾರನ್ನು ಬಿಡದ ಸ್ಟಾರ್ಟರ್ ಒಂದು. ಕೈ ಹಾಕುವ ಮೊದಲು ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು, ಕೈ ಹಾಕುವವನೇ ಜೇಬಿನಲ್ಲಿ ಇಟ್ಟುಕೊಳ್ಳುವುದು ಇನ್ನೊಂದು. ಮೊದಲನೆಯದನ್ನು ಸದ್ದಿಲ್ಲದೆ ಕೆಡಿಸುವುದು ಪಂಪ್‌ಸೆಟ್ಟಿನ ಆಟೋ ಸ್ಟಾರ್ಟರ್. ರಾತ್ರಿ ಕರೆಂಟು ಬಂದಾಗ ಗದ್ದೆಗೆ ನೀರು ತಾನೇ ಹರಿಯಲಿ ಎಂದು ಮಾಡಿದ ಸಾಧನವದು. ಅದನ್ನು ಗಾಣಕ್ಕೆ ಜೋಡಿಸಿದರೆ ತಡೆ ಹಾಳೆಯಲ್ಲಷ್ಟೇ ಉಳಿಯುತ್ತದೆ. ಹಾಗಾಗಿ ಚಿತ್ರದಲ್ಲಿ ಆ ತಡೆಯ ಕೆಳಗೆ ಅದನ್ನು ಕೆಡಿಸುವ ಕಾರಣವನ್ನೂ, ಪರೀಕ್ಷೆಯನ್ನೂ ಬರೆಯಬೇಕು: ವಾರಕ್ಕೊಮ್ಮೆ, ಹತ್ತಿರ ಯಾರೂ ಇಲ್ಲದಾಗ, ಖಾಲಿ ಗಾಣ ಓಡುತ್ತಿರುವಾಗಲೇ ಮೇನ್ ಆಫ್ ಮಾಡಿ, ಗಾಣ ಪೂರ್ತಿ ನಿಂತಮೇಲೆ ಮತ್ತೆ ಆನ್ ಮಾಡಿ. ಗಾಣ ತಿರುಗಿತೋ, ಆ ತಡೆ ಸತ್ತಿದೆ ಎಂದೇ ಲೆಕ್ಕ.

ಬಲಗಡೆ, ಬೆರಳು ಸಿಕ್ಕಮೇಲಿನ ತಡೆಗಳು. ಕಬ್ಬು ಕೊಡುವವನ ಕೈಗೇ ಎಟುಕುವ ನಿಲುಗಡೆ ಹಗ್ಗ ಬೇಕು, ಸಿಕ್ಕವನು ಸ್ಟಾರ್ಟರ್‌ವರೆಗೆ ಹೋಗಲಾರ. ಮೋಟಾರ್ ಆಫ್ ಆದರೂ ಭಾರದ ಚಕ್ರ ಇನ್ನಷ್ಟು ಸುತ್ತುತ್ತದೆ, ಬ್ರೇಕ್ ಇಲ್ಲದಿದ್ದರೆ ಮಣಿಕಟ್ಟಿಗೆ ನಿಲ್ಲಬೇಕಾದ ಗಾಯ ಮೊಣಕೈಗೆ ಏರುತ್ತದೆ. ರೋಲರಿನ ಬಿಗಿ ಸಡಿಲಿಸುವ ಸ್ಪ್ಯಾನರ್ ಗಾಣದ ಕಾಲಿಗೇ ಸರಪಳಿಯಲ್ಲಿ ನೇತಾಡಬೇಕು, ಮಾಲೀಕರ ಮನೆಯ ಟೂಲ್ ಬಾಕ್ಸಿನಲ್ಲಲ್ಲ.