ಬ್ರೋಕರೇಜ್ ಝೀರೋ ಅಂದ್ಮೇಲೆ 15 ರೂಪಾಯಿ 34 ಪೈಸೆ ಯಾಕೆ ಕಟ್ ಆಯ್ತು?

ಓದುಗರ ಪ್ರಶ್ನೆ: "ಸರ್, ಡೆಲಿವರಿಗೆ ಬ್ರೋಕರೇಜ್ ಇಲ್ಲ ಅಂತ ನೋಡಿ ಅಕೌಂಟ್ ಓಪನ್ ಮಾಡ್ದೆ. 180 ರೂಪಾಯಿಯ ಒಂದೇ ಒಂದು ಷೇರು ಮಾರಿದ್ದಕ್ಕೆ 15.34 ಕಟ್ ಆಗಿದೆ. ಕಾಂಟ್ರಾಕ್ಟ್ ನೋಟ್‌ನಲ್ಲಿ ಹುಡುಕಿದ್ರೆ ಅದು ಇಲ್ಲವೇ ಇಲ್ಲ. ಮೋಸ ಆಯ್ತಾ? ಬೇರೆ ಯಾವ ಆ್ಯಪ್ ಅಗ್ಗ?"

ಮೋಸ ಅಲ್ಲ, ಆದ್ರೆ ನಿಮ್ಗೆ ಹಾಗನ್ಸಿದ್ದು ತಪ್ಪೂ ಅಲ್ಲ. ಅದು ಡಿಪಿ ಚಾರ್ಜ್. ನೀವು ಷೇರು ಮಾರಿದಾಗ ಅದು ನಿಮ್ಮ ಡಿಮ್ಯಾಟ್ ಖಾತೆಯಿಂದ ಆಚೆ ಹೋಗ್ಬೇಕಲ್ಲ, ಆ ಕೆಲಸಕ್ಕೆ ಡಿಪಾಸಿಟರಿ ಆದ ಸಿಡಿಎಸ್ಎಲ್ 3.50 ತಗೊಳುತ್ತೆ, ಅದರ ಮೇಲೆ ಬ್ರೋಕರ್ ತನ್ನ ಪಾಲು ಸೇರಿಸ್ತಾನೆ. ಝೆರೋಧಾದಲ್ಲಿ ಆ ಪಾಲು 9.50, ಎರಡೂ ಸೇರಿ 13 ರೂಪಾಯಿ, ಜಿಎಸ್‌ಟಿ 2.34, ಅಲ್ಲಿಗೆ ನಿಮ್ಮ 15.34. ಇದು ಟ್ರೇಡಿಂಗ್ ಖರ್ಚಲ್ಲ, ಡಿಮ್ಯಾಟ್ ಖರ್ಚು, ಅದಕ್ಕೇ ಕಾಂಟ್ರಾಕ್ಟ್ ನೋಟ್‌ನಲ್ಲಿ ಕಾಣಲ್ಲ. ಲೆಡ್ಜರ್ ಅಂತ ಒಂದು ರಿಪೋರ್ಟ್ ಇರುತ್ತೆ, ಅದನ್ನ ಡೌನ್‌ಲೋಡ್ ಮಾಡಿ ನೋಡಿ, ಅಲ್ಲಿ ಸಾಲಾಗಿ ಕೂತಿರುತ್ತೆ.

ಇಲ್ಲಿ ಗಮನಿಸ್ಬೇಕಾದ ವಿಷ್ಯ ಏನಂದ್ರೆ, ಈ ಚಾರ್ಜ್‌ಗೆ ಎಷ್ಟು ಷೇರು ಮಾರಿದ್ರಿ, ಎಷ್ಟು ದುಡ್ಡಿಗೆ ಮಾರಿದ್ರಿ ಅನ್ನೋದು ಬೇಕಾಗಿಲ್ಲ. ಒಂದು ದಿನ, ಒಂದು ಕಂಪನಿ, ಒಂದು ಚಾರ್ಜ್, ಅಷ್ಟೇ. 180 ರೂಪಾಯಿಗೆ 15.34 ಅಂದ್ರೆ ಎಂಟೂವರೆ ಪರ್ಸೆಂಟ್ ಹೋಯ್ತು! ಅದೇ ಕಂಪನಿಯ ಒಂದು ಲಕ್ಷದ ಷೇರು ಮಾರಿದ್ರೂ ಅದೇ 15.34. ಬೆಳಿಗ್ಗೆ 20, ಮಧ್ಯಾಹ್ನ 30 ಅಂತ ಒಂದೇ ದಿನ ಮಾರಿದ್ರೆ ಒಂದ್ಸಲ ಮಾತ್ರ ಬೀಳುತ್ತೆ, ದಿನಕ್ಕೆ 20ರಂತೆ ಐದು ದಿನ ಮಾರಿದ್ರೆ 76.70. ಕೊಳ್ಳುವಾಗ ಇಲ್ಲ, ತಗೊಂಡ ದಿನವೇ ಮಾರೋ ಇಂಟ್ರಾಡೇಗೂ ಇಲ್ಲ, ಯಾಕಂದ್ರೆ ಷೇರು ಡಿಮ್ಯಾಟ್‌ಗೆ ಬರೋದೇ ಇಲ್ಲ.

ಈಗ ಯಾವುದು ಅಗ್ಗ ಅನ್ನೋ ಮಾತು. ಮೊದ್ಲು ಎಲ್ಲಾ ಕಡೆ ಒಂದೇ ಇರೋದನ್ನ ಪಕ್ಕಕ್ಕಿಡಿ. ಷೇರು ವ್ಯವಹಾರದ ತೆರಿಗೆ ಆದ ಎಸ್‌ಟಿಟಿ ಡೆಲಿವರಿಗೆ ಕೊಳ್ಳುವಾಗ್ಲೂ ಮಾರುವಾಗ್ಲೂ 0.1 ಪರ್ಸೆಂಟ್, ಸ್ಟಾಂಪ್ ಡ್ಯೂಟಿ ಕೊಳ್ಳುವಾಗ 0.015 ಪರ್ಸೆಂಟ್, ಎಕ್ಸ್‌ಚೇಂಜ್ ಚಾರ್ಜ್ ಲಕ್ಷಕ್ಕೆ 3 ರೂಪಾಯಿ ಆಸುಪಾಸು. ಈ ಎಕ್ಸ್‌ಚೇಂಜ್ ಚಾರ್ಜ್‌ನಲ್ಲಿ ಮುಂಚೆ ಒಂದು ಆಟ ಇತ್ತು. ಜಾಸ್ತಿ ವ್ಯವಹಾರ ತರೋ ಬ್ರೋಕರ್‌ಗೆ ಎಕ್ಸ್‌ಚೇಂಜ್ ಕಮ್ಮಿ ರೇಟ್ ಹಾಕ್ತಿತ್ತು, ಬ್ರೋಕರ್ ಮಾತ್ರ ನಮ್ಮ ಹತ್ರ ಮೇಲಿನ ರೇಟ್ ವಸೂಲಿ ಮಾಡಿ ನಡುವಿನದ್ದು ಇಟ್ಕೊಳ್ತಿದ್ದ. ಸೆಬಿ ಇದನ್ನ 2024ರ ಅಕ್ಟೋಬರ್ 1ರಿಂದ ನಿಲ್ಲಿಸ್ತು, ನಮ್ಮಿಂದ ತಗೊಂಡಷ್ಟೇ ಎಕ್ಸ್‌ಚೇಂಜ್‌ಗೂ ಕಟ್ಬೇಕು. ಆದಾಯ ಹೋದ್ಮೇಲೆ ಬ್ರೋಕರ್‌ಗಳು ಸುಮ್ನೆ ಕೂರ್ತಾರಾ? ಡೆಲಿವರಿ ಫ್ರೀ ಕೊಡ್ತಿದ್ದ ಏಂಜಲ್ ಒನ್ ಅದೇ ನವೆಂಬರ್‌ನಿಂದ ಬ್ರೋಕರೇಜ್ ಶುರು ಮಾಡ್ತು. ಝೆರೋಧಾ ಡೆಲಿವರಿನ ಝೀರೋದಲ್ಲೇ ಉಳಿಸ್ಕೊಂಡಿದೆ.

ಹಂಗಾಗಿ ಹೋಲಿಸೋಕೆ ಉಳಿಯೋದು ಮೂರೇ: ಬ್ರೋಕರೇಜ್, ಡಿಪಿ ಚಾರ್ಜ್, ವರ್ಷದ ಡಿಮ್ಯಾಟ್ ಚಾರ್ಜ್ ಅಂದ್ರೆ ಎಎಂಸಿ. ಸಣ್ಣ ಹೂಡಿಕೆದಾರರ ಒಂದು ಲೆಕ್ಕ ಹಾಕೋಣ. ತಿಂಗಳಿಗೆ 2,000 ರೂಪಾಯಿಯ ಒಂದು ಆರ್ಡರ್, ವರ್ಷಕ್ಕೆ 12 ಸಲ ಕೊಂಡ್ರಿ, ನಾಲ್ಕು ಬೇರೆ ಬೇರೆ ದಿನ 3,000ದಷ್ಟು ಮಾರಿದ್ರಿ. ಒಟ್ಟು 16 ಆರ್ಡರ್.

ಝೆರೋಧಾ ಥರದ್ದರಲ್ಲಿ ಬ್ರೋಕರೇಜ್ ಇಲ್ಲ, ಡಿಪಿ ನಾಲ್ಕು ಸಲಕ್ಕೆ 61.36. ಎಎಂಸಿ 300 ಪ್ಲಸ್ ಜಿಎಸ್‌ಟಿ, ಅಂದ್ರೆ 354, ಆದ್ರೆ ಅದರಿಂದ ತಪ್ಪಿಸ್ಕೊಳ್ಳೋ ದಾರಿ ಇದೆ, ಈಗ ಹೇಳ್ತೀನಿ. ಗ್ರೋ ಥರದ್ದರಲ್ಲಿ ಎಎಂಸಿ ಇಲ್ಲ, ಬ್ರೋಕರೇಜ್ 0.1 ಪರ್ಸೆಂಟ್ ಇಲ್ಲಾ 20 ರೂಪಾಯಿ, ಯಾವ್ದು ಕಮ್ಮಿಯೋ ಅದು, ಆದ್ರೆ ಕನಿಷ್ಠ 5 ರೂಪಾಯಿ. ಜನ ಈ ಕನಿಷ್ಠ ಅನ್ನೋದನ್ನ ಓದೋದೇ ಇಲ್ಲ ನೋಡಿ. 2,000ಕ್ಕೆ 0.1 ಪರ್ಸೆಂಟ್ ಅಂದ್ರೆ 2 ರೂಪಾಯಿ ಆಗ್ಬೇಕಿತ್ತು, 5 ತಗೊಳ್ತಾರೆ, ಜಿಎಸ್‌ಟಿ ಸೇರಿ 5.90. 16 ಆರ್ಡರ್‌ಗೆ 94.40. ಡಿಪಿ 20 ಪ್ಲಸ್ ಜಿಎಸ್‌ಟಿ ಅಂತ ಇಟ್ಕೊಂಡ್ರೆ ನಾಲ್ಕಕ್ಕೆ ಇನ್ನೊಂದು 94.40. ಒಟ್ಟು 189ರ ಹತ್ರ.

ಅಂದ್ರೆ ಎಎಂಸಿ ಬಿದ್ರೆ ಮೊದಲನೇದು 415 ರೂಪಾಯಿ ಆಗಿ ದುಬಾರಿ, ಬೀಳದಿದ್ರೆ 61 ರೂಪಾಯಿಗೆ ಭಾರೀ ಅಗ್ಗ. ಇಡೀ ಹೋಲಿಕೆ ಇದೊಂದರ ಮೇಲೆ ನಿಂತಿದೆ.

ಇನ್ನು ಬ್ಯಾಂಕ್ ಜೊತೆ ಬರೋ ತ್ರೀ-ಇನ್-ಒನ್ ಖಾತೆ. 0.5 ಪರ್ಸೆಂಟ್ ಬ್ರೋಕರೇಜ್, ಕನಿಷ್ಠ 25 ಅಂತಿರೋ ಒಂದು ಪ್ಲಾನ್ ತಗೊಂಡ್ರೆ 16 ಆರ್ಡರ್‌ಗೆ ಬ್ರೋಕರೇಜೇ 472, ಡಿಪಿ, ಎಎಂಸಿ ಬೇರೆ. ಒಂದು ಲಕ್ಷದ್ದು ಕೊಂಡು ಮಾರಿದ್ರಂತೂ 1,180 ಹೋಗುತ್ತೆ, ಅದೇ ಗ್ರೋ ಥರದ್ದರಲ್ಲಿ ಎರಡೂ ಕಡೆ ಸೇರಿ 47.20.

ಎಎಂಸಿ ತಪ್ಪಿಸ್ಕೊಳ್ಳೋದು ಹೇಗೆ ಅಂದ್ರೆ ಬಿಎಸ್‌ಡಿಎ, ಬೇಸಿಕ್ ಸರ್ವಿಸಸ್ ಡಿಮ್ಯಾಟ್ ಅಕೌಂಟ್. 2024ರ ಸೆಪ್ಟೆಂಬರ್ 1ರಿಂದ ಸೆಬಿ ನಿಯಮ ಹೀಗಿದೆ: ಖಾತೆಯಲ್ಲಿರೋ ಷೇರಿನ ಬೆಲೆ 4 ಲಕ್ಷದವರೆಗೆ ಇದ್ರೆ ಎಎಂಸಿ ಇಲ್ಲ, 4ರಿಂದ 10 ಲಕ್ಷದವರೆಗೆ ವರ್ಷಕ್ಕೆ 100 ರೂಪಾಯಿ. ಷರತ್ತು ಒಂದೇ, ಮೊದಲ ಹೆಸರಲ್ಲೋ ಒಂಟಿ ಹೆಸರಲ್ಲೋ ನಿಮ್ಗೆ ಇರೋದು ಒಂದೇ ಡಿಮ್ಯಾಟ್ ಆಗಿರ್ಬೇಕು, ಎಲ್ಲಾ ಬ್ರೋಕರ್‌ಗಳೂ ಸೇರಿ. ಇಲ್ಲೇ ಎಲ್ರೂ ಎಡವೋದು. ಐಪಿಒಗೆ ಅಂತ ಒಂದು, ಸ್ನೇಹಿತ ರೆಫರಲ್ ಕಳ್ಸಿದ ಅಂತ ಇನ್ನೊಂದು ಆ್ಯಪ್‌ನಲ್ಲಿ ಖಾತೆ ತೆಗೀತಾರೆ, ಎರಡನೇದು ಫ್ರೀ ಅನ್ಕೊಳ್ತಾರೆ, ಮೊದಲನೇದರ ಬಿಎಸ್‌ಡಿಎ ಹೋಗಿ ಎಎಂಸಿ ಶುರುವಾಗುತ್ತೆ. ಲೆಡ್ಜರ್‌ನಲ್ಲಿ ಮೂರು ತಿಂಗಳಿಗೊಮ್ಮೆ 88.50 ಕಾಣ್ತಿದ್ರೆ ಕಾರಣ ಹೆಚ್ಚಾಗಿ ಇದೇ.

ನಮ್ಮನೇಲೂ ಆಗಿದೆ. ಅಪ್ಪ ಯಾವುದೋ ಕಾಲದಲ್ಲಿ ಒಂದು ಖಾತೆ ತೆಗ್ದು ಮರೆತಿದ್ರು, ನೋಡಿದ್ರೆ ಎಎಂಸಿ ಬೆಳ್ದು ಲೆಡ್ಜರ್ ಮೈನಸ್ಸಲ್ಲಿ, ಅದರ ಮೇಲೆ ಬಡ್ಡಿ ಬೇರೆ. ಬಾಕಿ ಕಟ್ಟಿ ಮುಚ್ಚಿಸಿದ್ವಿ. ಮುಚ್ಚೋದಕ್ಕೆ ಚಾರ್ಜ್ ಇಲ್ಲ, ಮುಚ್ಚುವಾಗ ಇರೋ ಷೇರೆಲ್ಲಾ ನಿಮ್ಮದೇ ಹೆಸರಿನ ಇನ್ನೊಂದು ಡಿಮ್ಯಾಟ್‌ಗೆ ಕಳ್ಸೋಕೂ ಚಾರ್ಜ್ ಹಾಕೋ ಹಾಗಿಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ.

ಇನ್ನೆರಡು ಸಣ್ಣ ಗುಂಡಿ. ಇಂಟ್ರಾಡೇ ಪೊಸಿಷನ್ ನೀವೇ ಕ್ಲೋಸ್ ಮಾಡ್ದೆ ಬಿಟ್ರೆ ಬ್ರೋಕರ್ ಮಾಡ್ತಾನೆ, ಫೋನ್ ಮಾಡಿ ಆರ್ಡರ್ ಹಾಕ್ಸಿದ್ರೂ ಅಷ್ಟೇ, 50 ರೂಪಾಯಿ ಪ್ಲಸ್ ಜಿಎಸ್‌ಟಿ ಹೋಗೋದು ಮಾಮೂಲು. ಎರಡನೇದು, ಕೊಳ್ಳೋ ಸ್ಕ್ರೀನಲ್ಲಿ ಡೆಲಿವರಿ ಪಕ್ಕದಲ್ಲೇ ಎಂಟಿಎಫ್ ಇರುತ್ತೆ, ಅದು ಸಾಲ, ಮಾರೋವರೆಗೂ ದಿನಾ ಬಡ್ಡಿ ಬೀಳುತ್ತೆ. ಆರ್ಡರ್ ಒತ್ತೋ ಮುಂಚೆ ಯಾವುದು ಸೆಲೆಕ್ಟ್ ಆಗಿದೆ ಅಂತ ನೋಡ್ಕೊಳ್ಳಿ.

ನಿಮ್ಮ ವಿಷ್ಯಕ್ಕೆ ಬಂದ್ರೆ, ಬೇರೆ ಆ್ಯಪ್‌ಗೆ ಹೋದ್ರೂ ಡಿಪಿ ಚಾರ್ಜ್ ಹಿಂದೇನೇ ಬರುತ್ತೆ, ಜೊತೆಗೆ ಎರಡು ಡಿಮ್ಯಾಟ್ ಆಗಿ ಎಎಂಸಿ ಶುರುವಾಗೋ ಭಯ ಬೇರೆ. ಒಂದೇ ಖಾತೆ, ಹೋಲ್ಡಿಂಗ್ 4 ಲಕ್ಷದೊಳಗೆ ಅಂದ್ರೆ ಇರೋ ಕಡೆನೇ ಇರಿ, ಖಾತೆ ಬಿಎಸ್‌ಡಿಎ ಆಗಿದ್ಯಾ ಅಂತ ಪ್ರೊಫೈಲ್‌ನಲ್ಲಿ ನೋಡಿ, ಆಗಿಲ್ದಿದ್ರೆ ಬ್ರೋಕರ್‌ಗೆ ಮೇಲ್ ಹಾಕಿ ಕೇಳಿ. ಮತ್ತೆ ದಯವಿಟ್ಟು ಒಂದೊಂದೇ ಷೇರು ಮಾರ್ಬೇಡಿ ಸ್ವಾಮಿ.